ಸಂಜೆ ಆರೂವರೆ, ಮಹಡಿ ಮೇಲೆ

‘ಎಲ್ರೂ ಸೇರಿ ಓದೋಣ್ವಾ?’ ಎಂಬ ವಾಟ್ಸಾಪ್ ಮೆಸೇಜಿಗೆ ಹತ್ತು ಹೆಬ್ಬೆರಳು ಬರುತ್ತವೆ, ಸಂಜೆ ಒಬ್ಬರೂ ಬರುವುದಿಲ್ಲ. ಸಿಇಟಿಗೆ ಕೂರುವ ದ್ವಿತೀಯ ಪಿಯು ಗೆಳೆಯರು ನಿಜವಾಗಿ ಸೇರಬೇಕಾದರೆ ಮೆಸೇಜು ಹೀಗಿರಬೇಕು:

‘ಸೋಮವಾರದಿಂದ ಶುರು. ಪ್ರತಿ ಸೋಮ, ಬುಧ, ಶುಕ್ರ ಸಂಜೆ ಆರೂವರೆಗೆ ನಮ್ಮನೆ ಮಹಡಿ ಮೇಲೆ. ಎಂಟಕ್ಕೆ ಬಿಡೋಣ, ಎಂಟೂಕಾಲಿಗೆ ಕೊನೇ ಬಸ್ಸು. ಈ ವಾರ ಫಿಸಿಕ್ಸ್, ಕರೆಂಟ್ ಎಲೆಕ್ಟ್ರಿಸಿಟಿ. ಮೊದಲು 40 ನಿಮಿಷ, 30 ಪ್ರಶ್ನೆ, ಮಾತಿಲ್ಲ. ಫೋನು ಬ್ಯಾಗಲ್ಲಿ. ಬರೋಕಾಗಲ್ಲ ಅಂದ್ರೆ ಐದರೊಳಗೆ ಹೇಳಿ. ತಡವಾಗಿ ಬಂದೋರಿಗೆ ಎಕ್ಸ್‌ಟ್ರಾ ಟೈಮ್ ಇಲ್ಲ.’

ಇದರಲ್ಲಿ ‘ಯಾರಿಗೆ ಯಾವ ದಿನ ಆಗುತ್ತೆ?’ ಎಂಬ ಪ್ರಶ್ನೆಯೇ ಇಲ್ಲ. ಕೇಳಿದರೆ ಚರ್ಚೆ ವಾರ ಹಿಡಿಯುತ್ತದೆ. ಮುಗಿಯುವ ಹೊತ್ತು ಬರೆದದ್ದಂತೂ ಜಾಣತನ. ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಮನೆಯಲ್ಲಿ ಕೇಳುವ ಮೊದಲೇ ಉತ್ತರ ಸಿದ್ಧ.

ನಲವತ್ತು ನಿಮಿಷದ ಲೆಕ್ಕ ಪರೀಕ್ಷೆಯಿಂದಲೇ ಬಂದದ್ದು. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ಅರ್ಧ ಪತ್ರಿಕೆಗೆ 40 ನಿಮಿಷ. ಆಮೇಲೆ ಹತ್ತು ನಿಮಿಷ ಉತ್ತರ ತಾಳೆ ನೋಡುವುದು, ಉಳಿದ 40 ನಿಮಿಷ ತಪ್ಪಿದವುಗಳ ಮೇಲೆ ಮಾತ್ರ ಮಾತು.

ಹೊರಗಿನವರಿಗೆ ಹೊಳೆಯದ ನಿಯಮ ಇನ್ನೊಂದಿದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಗೊತ್ತಿಲ್ಲದ್ದಕ್ಕೂ ಎಲ್ಲರೂ ಏನಾದರೊಂದು ತುಂಬುತ್ತಾರೆ. ಪರೀಕ್ಷೆಯಲ್ಲಿ ಅದು ಸರಿಯೇ. ಮಹಡಿಯಲ್ಲಿ ಮಾತ್ರ, ಊಹಿಸಿ ಬರೆದದ್ದರ ಪಕ್ಕ ಚುಕ್ಕೆ ಇಡಬೇಕು. ಅದೃಷ್ಟಕ್ಕೆ ಸರಿಯಾದ ಉತ್ತರವನ್ನೂ ಚರ್ಚೆಗೆ ತರಬೇಕು. ಚುಕ್ಕೆ ಇಲ್ಲದಿದ್ದರೆ 30ಕ್ಕೆ 22 ಬಂತೆಂದು ಖುಷಿಪಡುತ್ತಾರೆ, ಅದರಲ್ಲಿ ಆರು ಊಹೆ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಒಂದು ಪ್ರಶ್ನೆ ನೋಡಿ: 6 ಓಮ್‌ನ ಮೂರು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಒಬ್ಬಳು ಆರನೇ ಒಂದನ್ನು ಮೂರು ಸಲ ಕೂಡಿಸಿ, ಅರ್ಧ ಬಂತೆಂದು 0.5 ಓಮ್ ಗುರುತಿಸುತ್ತಾಳೆ. ಸರಿಯುತ್ತರ 2 ಓಮ್. ಸೂತ್ರ ಅವಳಿಗೆ ಗೊತ್ತು, ಬಂದದ್ದನ್ನು ಕೊನೆಗೆ ತಲೆಕೆಳಗು ಮಾಡುವುದು ಮರೆತಿದೆ, ಅಷ್ಟೆ. ಅವಳಿಗೆ ಇಡೀ ಪಾಠ ಮತ್ತೆ ಒಪ್ಪಿಸುವ ಅಗತ್ಯವಿಲ್ಲ. ಅದಕ್ಕೇ ತಪ್ಪಿದವರೇ ಮೊದಲು ತಮ್ಮ ಹೆಜ್ಜೆಗಳನ್ನು ಹೇಳಬೇಕು, ಉಳಿದವರು ಎಲ್ಲಿ ಜಾರಿತೆಂದು ತೋರಿಸಬೇಕು. ಈ ಸರದಿ ಇಲ್ಲದ ಕಡೆ ಎರಡೇ ವಾರದಲ್ಲಿ ಗುಂಪಿನ ಜಾಣ ಮೇಷ್ಟ್ರಾಗುತ್ತಾನೆ, ಉಳಿದವರು ನೋಟ್ಸ್ ಬರೆದುಕೊಳ್ಳುತ್ತಾರೆ. ಮೂರನೇ ವಾರ ಅವನೇ ತಪ್ಪಿಸಿಕೊಳ್ಳುತ್ತಾನೆ. ಅವನನ್ನು ದೂರುವಂತೆಯೂ ಇಲ್ಲ.

ಐದು ಜನಕ್ಕಿಂತ ಹೆಚ್ಚಾದರೆ 40 ನಿಮಿಷದಲ್ಲಿ ಎಲ್ಲರ ತಪ್ಪೂ ಮುಗಿಯದು. ಇನ್ನೊಂದು ಮಹಡಿ ಹುಡುಕುವುದು ವಾಸಿ. ಪರೀಕ್ಷೆ ಹತ್ತಿರ ಬಂದಾಗ ಪೂರ್ತಿ 60 ಪ್ರಶ್ನೆ ಬರೆಯಬೇಕಾಗುತ್ತದೆ. ಆಗ ಒಂದೂವರೆ ಗಂಟೆ ಸಾಲದು, ಕೊನೇ ಬಸ್ಸೂ ಕಾಯದು. ಅಷ್ಟರೊಳಗೆ ಭಾನುವಾರ ಬೆಳಗಿಗೆಂದು ಇನ್ನೊಂದು ಮೆಸೇಜು ಹೋಗಿರಬೇಕು.