ಬಜ್ಜಿ ಕುಡಿದ ಎಣ್ಣೆ ಎಷ್ಟು?

ಶಿವಮೊಗ್ಗ, ಭದ್ರಾವತಿಯ ಮಳೆಗಾಲದ ಸಂಜೆಗೆ ಬಿಸಿ ಬಜ್ಜಿ ಬೇಕೇ ಬೇಕು. ಆದರೆ ಕ್ಯಾಲೊರಿ ಲೆಕ್ಕಕ್ಕೆ ಬಾಣಲೆಗೆ ಸುರಿದ ಎಣ್ಣೆಯನ್ನೆಲ್ಲ ಸೇರಿಸಬೇಕಿಲ್ಲ. ಬಜ್ಜಿಯನ್ನು ತೂಗಿದರೂ ತಿಳಿಯದು. ಎಣ್ಣೆ ಸೇರಿದಂತೆ ಹಿಟ್ಟಿನ ನೀರು ಆವಿಯಾಗಿ ಹೋಗಿರುತ್ತದೆ.

ತೂಗಬೇಕಾದದ್ದು ಎಣ್ಣೆಯನ್ನು. ಕರಿಯುವ ಮೊದಲು ಬಾಣಲೆ ಸಮೇತ 900 ಗ್ರಾಂ ಇದ್ದದ್ದು 10 ಬಜ್ಜಿ ಕರಿದು ತಣಿದ ಮೇಲೆ 840 ಆಯಿತೆನ್ನಿ. ಒಂದು ಬಜ್ಜಿಗೆ 6 ಗ್ರಾಂ, ಗ್ರಾಂಗೆ 9ರಂತೆ 54 ಕ್ಯಾಲೊರಿ, ಹಿಟ್ಟಿನದು ಬೇರೆ. ಸಿಡಿದದ್ದು, ಕಾಗದ ಹೀರಿದ್ದು ಇದರಲ್ಲೇ ಇರುವುದರಿಂದ ಹೊಟ್ಟೆಗೆ ಹೋಗುವುದು ತುಸು ಕಡಿಮೆ. ವಡೆಗೂ ಇದೇ ಕ್ರಮ.

ಬೇಯುವಾಗ ಹೊರಬರುವ ಆವಿ ಎಣ್ಣೆಯನ್ನು ತಡೆಯುತ್ತದೆ. ಬಾಣಲೆಯಿಂದ ತೆಗೆದ ಬಜ್ಜಿ ತಣಿಯತೊಡಗಿದಾಗಲೇ ಮೈಗಂಟಿದ ಎಣ್ಣೆ ಹೆಚ್ಚಾಗಿ ಒಳಸೇರುತ್ತದೆ. ಆದ್ದರಿಂದ ತೆಗೆದ ಕೂಡಲೇ ಬಸಿದು ಕಾಗದದ ಮೇಲೆ ಹರಡಿ. ಆರಿದ ಮೇಲೆ ಒರೆಸಿದರೆ ಹೆಚ್ಚೇನೂ ಬರುವುದಿಲ್ಲ.