ನೂರು ರೂಪಾಯಿ ಮಾಲು ತಿಂಗಳಿಗೆ ಎಷ್ಟು ತರುತ್ತದೆ?

ದಿನಸಿ ಅಂಗಡಿಯಲ್ಲಿ ಸಕ್ಕರೆಯನ್ನು ಯಾರೂ ಲಾಭದ ಮಾಲು ಎಂದು ಕರೆಯುವುದಿಲ್ಲ. ಕಿಲೋಗೆ ಒಂದೆರಡು ರೂಪಾಯಿ ಉಳಿದರೆ ಹೆಚ್ಚು. ಬಾದಾಮಿ, ಗೋಡಂಬಿ ಹಾಗಲ್ಲ, ಒಂದು ಕಿಲೋ ಮಾರಿದರೆ ನೂರಕ್ಕೂ ಹೆಚ್ಚು ಕೈಗೆ ಬರುತ್ತದೆ. ಹೀಗಾಗಿ ಕೈಯಲ್ಲಿ ದುಡ್ಡು ಓಡಾಡುವಾಗ ಅಂಗಡಿಯವರು ಹೆಚ್ಚು ಲಾಭದ ಮಾಲನ್ನೇ ಜಾಸ್ತಿ ತಂದು ಕೂರಿಸುತ್ತಾರೆ. ತಿಂಗಳ ಕೊನೆಗೆ ಡಿಸ್ಟ್ರಿಬ್ಯೂಟರ್ ಬಾಕಿ ಕೇಳಲು ಬಂದಾಗ ಕಪಾಟು ತುಂಬಿರುತ್ತದೆ, ಗಲ್ಲಾ ಖಾಲಿ ಇರುತ್ತದೆ.

ಒಂದು ಮಾಲಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಅರ್ಧ ಲೆಕ್ಕ ಮಾತ್ರ. ಆ ಮಾಲಿನಲ್ಲಿ ಹಾಕಿದ ಹಣ ಎಷ್ಟು ಬೇಗ ತಿರುಗಿ ಬರುತ್ತದೆ ಎಂಬುದು ಉಳಿದರ್ಧ. ಎರಡನ್ನೂ ಕೂಡಿಸಿ ನೋಡಲು ದೊಡ್ಡ ಮಳಿಗೆಗಳು ಒಂದು ಅಳತೆ ಬಳಸುತ್ತವೆ. ಸಣ್ಣ ಅಂಗಡಿಗೆ ಅದನ್ನು ಹೀಗೆ ಇಳಿಸಿಕೊಳ್ಳಬಹುದು: ಒಂದು ಮಾಲಿನಿಂದ ತಿಂಗಳಿಗೆ ಬಂದ ಒಟ್ಟು ಲಾಭವನ್ನು, ಆ ತಿಂಗಳು ಕಪಾಟಿನಲ್ಲಿ ಸರಾಸರಿ ಇದ್ದ ಆ ಮಾಲಿನ ಖರೀದಿ ಬೆಲೆಯಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಕಪಾಟಿನಲ್ಲಿ ಕೂತ ಪ್ರತಿ ನೂರು ರೂಪಾಯಿ ತಿಂಗಳಿಗೆ ಎಷ್ಟು ದುಡಿಯಿತು ಎಂಬುದು ಆಗ ಗೊತ್ತಾಗುತ್ತದೆ.

ಒಂದು ಬಡಾವಣೆಯ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕ ತಿಳಿಯಲೆಂದು ಹಿಡಿದವು, ಇಂದಿನ ಪೇಟೆ ದರವಲ್ಲ. ಸಕ್ಕರೆ ಕಿಲೋಗೆ 42ರಂತೆ ಬಂದು 44ಕ್ಕೆ ಹೋಗುತ್ತದೆ. ತಿಂಗಳಿಗೆ 200 ಕಿಲೋ ಮಾರಿದರೆ ಲಾಭ 400 ರೂಪಾಯಿ. ವಾರಕ್ಕೊಂದು 50 ಕಿಲೋ ಮೂಟೆ ಬಂದು ಖಾಲಿಯಾಗುವುದರಿಂದ ಅಂಗಡಿಯಲ್ಲಿ ಸರಾಸರಿ ಇರುವುದು 25 ಕಿಲೋ, ಅಂದರೆ 1,050 ರೂಪಾಯಿ ಮಾಲು. ನೂರು ರೂಪಾಯಿಗೆ ತಿಂಗಳಿಗೆ 38 ರೂಪಾಯಿ ದುಡಿಮೆ.

ಬಾದಾಮಿ 700ಕ್ಕೆ ಬಂದು 850ಕ್ಕೆ ಹೋಗುತ್ತದೆ, ಕಿಲೋಗೆ 150 ಲಾಭ. ತಿಂಗಳಿಗೆ ಹೋಗುವುದು 2 ಕಿಲೋ, ಲಾಭ 300. ಆದರೆ ಸಗಟು ದರ ಇಳಿದಾಗ ಒಟ್ಟಿಗೆ ತಂದಿದ್ದರಿಂದ ಸರಾಸರಿ 8 ಕಿಲೋ ಡಬ್ಬಿಯಲ್ಲಿ ಕೂತಿದೆ. ಅದರ ಬೆಲೆ 5,600. ನೂರು ರೂಪಾಯಿಗೆ ಬಂದದ್ದು ಬರೀ 5 ರೂಪಾಯಿ ಚಿಲ್ಲರೆ.

ಹಾಗೆಂದು ಬಾದಾಮಿಯನ್ನು ಅಂಗಡಿಯಿಂದ ತೆಗೆಯಬೇಕೆ? ಪಟ್ಟಿಯ ತಳದಲ್ಲಿ ಬಂದದ್ದನ್ನೆಲ್ಲ ಕಿತ್ತುಹಾಕುವ ಆತುರ ಇಲ್ಲೇ ಹುಟ್ಟುವುದು. ಇಲ್ಲಿ ಮಾಲಿನ ದೋಷವೇನೂ ಇಲ್ಲ, ತಂದ ಪ್ರಮಾಣ ಜಾಸ್ತಿಯಾಯಿತು, ಅಷ್ಟೆ. ಸಲಕ್ಕೆ 2 ಕಿಲೋ ಮಾತ್ರ ತಂದರೆ ಸಗಟಿನವರು 20 ರೂಪಾಯಿ ಹೆಚ್ಚು ಕೇಳಬಹುದು. ಆಗ ಕಿಲೋಗೆ ಉಳಿಯುವುದು 130, ತಿಂಗಳಿಗೆ 260. ಆದರೆ ಡಬ್ಬಿಯಲ್ಲಿ ಸರಾಸರಿ ಇರುವುದು 1 ಕಿಲೋ, 720 ರೂಪಾಯಿ ಮಾತ್ರ. ನೂರಕ್ಕೆ 36! ಸಕ್ಕರೆಯ ಹತ್ತಿರ ಹತ್ತಿರಕ್ಕೆ ಬಂತು. ತಿಂಗಳ ಲಾಭದಲ್ಲಿ 40 ರೂಪಾಯಿ ಬಿಟ್ಟುಕೊಟ್ಟದ್ದಕ್ಕೆ ಸುಮಾರು 4,900 ರೂಪಾಯಿ ಬಂಡವಾಳ ಬಿಡುಗಡೆಯಾಯಿತು. ‘ಕಡಿಮೆಗೆ ಸಿಕ್ಕಿತು’ ಎಂದು ಮೂಟೆಗಟ್ಟಲೆ ತರುವಾಗ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಹತ್ತಕ್ಕೆ ಒಂದು ಉಚಿತ ಎನ್ನುವ ಸ್ಕೀಮುಗಳಿಗೂ ಇದೇ ಮಾತು.

ಮುಂದಿನದು ಚಟ್ನಿಪುಡಿ. ಪಕ್ಕದ ಬೀದಿಯ ಮನೆಯೊಂದರಿಂದ ಪ್ಯಾಕೆಟ್ಟಿಗೆ 60ರಂತೆ ಬಂದು 80ಕ್ಕೆ ಹೋಗುತ್ತದೆ. ತಿಂಗಳಿಗೆ 10 ಪ್ಯಾಕೆಟ್, ಲಾಭ 200. ಸರಾಸರಿ 20 ಪ್ಯಾಕೆಟ್ ಇರುತ್ತವೆ, 1,200 ರೂಪಾಯಿ ಮಾಲು, ನೂರಕ್ಕೆ 17ರ ಹತ್ತಿರ. ಲಾಭ ಚೆನ್ನಾಗಿದೆ, ಓಟ ಸಾಲದು. ಮುಂದಕ್ಕೆ ತರಬೇಕಾದದ್ದು ಇಂಥ ಮಾಲನ್ನು. ಬೆಲೆ ಇಳಿಸುವ ಮುಂಚೆ ಜಾಗ ಬದಲಿಸಿ ನೋಡುವುದು ಒಳ್ಳೆಯದು. ಕೆಳಗಿನ ಅರೆಯಿಂದ ಎತ್ತಿ ಗಲ್ಲಾ ಪಕ್ಕ, ಇಡ್ಲಿ ರವೆಯ ಜೊತೆ, ಗಿರಾಕಿಯ ಕಣ್ಣೆತ್ತರದಲ್ಲಿ ಇಟ್ಟು ಒಂದು ತಿಂಗಳು ಕಾಯಬೇಕು. 25 ಪ್ಯಾಕೆಟ್ ಹೋದರೆ ಅದೇ 1,200 ರೂಪಾಯಿ ಮಾಲಿನ ಮೇಲೆ 500 ಲಾಭ, ನೂರಕ್ಕೆ 42. ಅದೇ ತಿಂಗಳು ಉಪ್ಪಿನಕಾಯಿಯ ಮಾರಾಟವನ್ನೂ ನೋಡಬೇಕು. ಅದು ಅಷ್ಟೇ ಇಳಿದಿದ್ದರೆ ಹೊಸ ವ್ಯಾಪಾರವೇನೂ ಆಗಿಲ್ಲ, ಉಪ್ಪಿನಕಾಯಿ ಒಯ್ಯುತ್ತಿದ್ದವರೇ ಚಟ್ನಿಪುಡಿ ಒಯ್ದಿದ್ದಾರೆ.

ಈ ಲೆಕ್ಕ ಹೆಚ್ಚಾಗಿ ಕೆಡುವುದು ಎರಡು ಕಡೆ. ಸರಾಸರಿ ಸ್ಟಾಕನ್ನು ಒಂದೇ ದಿನ ಎಣಿಸುವುದು ಮೊದಲನೆಯದು. ಲೋಡ್ ಇಳಿದ ಮರುದಿನ ಎಣಿಸಿದರೆ ಮಾಲು ನಿಧಾನ ಎನ್ನಿಸುತ್ತದೆ, ಖಾಲಿಯಾಗುವ ಹೊತ್ತಿಗೆ ಎಣಿಸಿದರೆ ಕುದುರೆಯಂತೆ ಓಡುತ್ತಿದೆ ಎನ್ನಿಸುತ್ತದೆ. ನಾಲ್ಕು ವಾರ, ಪ್ರತಿ ವಾರ ಬೇರೆ ಬೇರೆ ದಿನ ಎಣಿಸಿ, ಕೂಡಿಸಿ, ನಾಲ್ಕರಿಂದ ಭಾಗಿಸಿದರೆ ಸಾಕು.

ಎರಡನೆಯದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ರಾಗಿ ಹಿಟ್ಟು ತಿಂಗಳಿಗೆ 24 ಪ್ಯಾಕೆಟ್ ಹೋಯಿತು ಎಂದು ಪುಸ್ತಕ ಹೇಳುತ್ತದೆ. ಆದರೆ ಅದು 12ನೇ ದಿನವೇ ಮುಗಿದು, ಉಳಿದ ದಿನ ಕಪಾಟು ಖಾಲಿ ಇತ್ತು. ನಿಜವಾದ ಓಟ ದಿನಕ್ಕೆ ಎರಡು, ತಿಂಗಳಿಗೆ 60ರ ವೇಗ. ಇರದ ಮಾಲನ್ನು ಯಾರೂ ಕೊಳ್ಳಲಾರರು. ಆದ್ದರಿಂದ ಮಾರಾಟವನ್ನು ತಿಂಗಳಿನಿಂದಲ್ಲ, ಮಾಲು ಕಪಾಟಿನಲ್ಲಿದ್ದ ದಿನಗಳಿಂದ ಭಾಗಿಸಬೇಕು. ಅಂಗಡಿಯ ಅತ್ಯಂತ ಒಳ್ಳೆಯ ಮಾಲು ಕೆಲವೊಮ್ಮೆ ಹೀಗೆ ಪಟ್ಟಿಯ ನಡುವೆ ಅಡಗಿರುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲದಂಥ ಹಬ್ಬದ ಮಾಲನ್ನಂತೂ ಹೋದ ವರ್ಷದ ಅದೇ ತಿಂಗಳ ಜೊತೆಗೇ ಹೋಲಿಸಬೇಕು.

ಇನ್ನು ತಳದಲ್ಲಿ ಉಳಿಯುವುದು ಆಲಿವ್ ಎಣ್ಣೆ. 400ರಂತೆ ತಂದ 6 ಬಾಟಲಿ, 500ರ ಮಾರಾಟ, ಎರಡು ತಿಂಗಳಿಗೆ ಒಂದು ಬಾಟಲಿ. ತಿಂಗಳಿಗೆ ಸರಾಸರಿ 50 ರೂಪಾಯಿ ಲಾಭ, 2,400 ರೂಪಾಯಿ ಬಂಡವಾಳದ ಮೇಲೆ. ನೂರಕ್ಕೆ 2. ತೆಗೆಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಒಂದು ಬಾಟಲಿಯನ್ನು ಒಯ್ಯುವವರು ಯಾರು? ತಿಂಗಳ ಸಾಮಾನು ಚೀಟಿ ಬರೆದು ಕಳಿಸಿ, ಆರು ಸಾವಿರ ರೂಪಾಯಿ ವ್ಯಾಪಾರ ಕೊಡುವ ಮನೆಯವರಾದರೆ, ಎಣ್ಣೆ ಸಿಗದೆ ಇಡೀ ಚೀಟಿಯೇ ಬೇರೆ ಅಂಗಡಿಗೆ ಹೋದೀತು. ಅವರಿಗಾಗಿ ಒಂದೇ ಬಾಟಲಿ ಇಟ್ಟರೆ ಸಾಕು, ಆರು ಬೇಡ. ಹೀಗೆ ಮಾಡುವ ಧೈರ್ಯಕ್ಕೆ ಪುರಾವೆ ಬೇಕಾದರೆ ಸದ್ಯಕ್ಕೆ ಹೊಸ ಆರ್ಡರ್ ಕೊಡದೆ, ಮಾಲು ಮುಗಿದ ಮೇಲೆ ಎರಡು ತಿಂಗಳು ಯಾರು ಕೇಳಿದರು, ಇಲ್ಲ ಎಂದಾಗ ಬದಲಿಗೆ ಏನು ಒಯ್ದರು ಎಂದು ಗಲ್ಲಾ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಯಾರೂ ಕೇಳದಿದ್ದರೆ ನಿರ್ಧಾರ ತಾನಾಗಿಯೇ ಆಗುತ್ತದೆ.

ಬಗೆ ಕಡಿಮೆ, ಓಟ ಜಾಸ್ತಿ ಎಂಬ ಈ ದಾರಿಯನ್ನೇ ದೊಡ್ಡ ಪ್ರಮಾಣದಲ್ಲಿ ಹಿಡಿದದ್ದು ಅಮೆರಿಕದ ಕಾಸ್ಟ್‌ಕೋ. ಸಾಮಾನ್ಯ ಸೂಪರ್‌ಮಾರ್ಕೆಟ್ ಹತ್ತಾರು ಸಾವಿರ ಬಗೆಯ ಸರಕು ಇಟ್ಟರೆ, ಅದರ ಮಳಿಗೆಗಳಲ್ಲಿ ಇರುವುದು ಸುಮಾರು 4,000 ಬಗೆ. ಮಾಲು ಎಷ್ಟು ಬೇಗ ಖಾಲಿಯಾಗುತ್ತದೆಂದರೆ, ಎಷ್ಟೋ ಸಲ ಪೂರೈಕೆದಾರರಿಗೆ ಹಣ ಕೊಡುವ ಗಡುವಿನ ಮೊದಲೇ ಅದು ಮಾರಿಹೋಗಿರುತ್ತದೆ.

ಉಳಿದಿರುವ 5 ಬಾಟಲಿಗಳನ್ನು ಏನು ಮಾಡುವುದು? ಕೊಂಡ ಬೆಲೆಗಿಂತ ಕಡಿಮೆಗೆ ಮಾರಲು ಯಾವ ಅಂಗಡಿಯವರಿಗೂ ಮನಸ್ಸು ಬಾರದು. 350ರಂತೆ ಮಾರಿದರೆ 250 ರೂಪಾಯಿ ನಷ್ಟ, ಆದರೆ 1,750 ರೂಪಾಯಿ ಕೈಗೆ ಬರುತ್ತದೆ. ನೂರಕ್ಕೆ 30 ದುಡಿಯುವ ಮಾಲಿಗೆ ಅದನ್ನು ಹಾಕಿದರೆ ತಿಂಗಳಿಗೆ 525 ಬರುತ್ತದೆ, ಆದ ನಷ್ಟ ಹದಿನೈದು ದಿನದಲ್ಲಿ ತೀರುತ್ತದೆ. ಆ ಹಣ ಹೋಗಬೇಕಾದದ್ದು 12ನೇ ದಿನಕ್ಕೆ ಮುಗಿಯುತ್ತಿದ್ದ ರಾಗಿ ಹಿಟ್ಟಿಗೆ. ಪಟ್ಟಿಯಲ್ಲಿ ಮೇಲಿದೆ ಎಂದು ಇನ್ನೊಂದು ಮೂಟೆ ಸಕ್ಕರೆ ತಂದಿಟ್ಟರೆ, ಗಿರಾಕಿಗಳು ಒಯ್ಯುವುದು ಅದೇ 200 ಕಿಲೋ. ಕೂತ ಮಾಲು ಮಾತ್ರ ಮೂರು ಪಟ್ಟಾಗಿ, ಸಕ್ಕರೆಯ 38 ರೂಪಾಯಿ 13ಕ್ಕೆ ಇಳಿಯುತ್ತದೆ.