ಒತ್ತಿದರೆ ಗುಳಿ ಬೀಳದ ಕಾಲು

ಕಲಬುರಗಿ ಸೀಮೆಯ ಯಾವುದೇ ತಾಲ್ಲೂಕು ಆಸ್ಪತ್ರೆಯ ಹೊರರೋಗಿಗಳ ಬೆಂಚಿನಲ್ಲಿ ಒಟ್ಟಿಗೇ ಕೂತಿರಬಹುದಾದ ಇಬ್ಬರು ಹೆಂಗಸರನ್ನು ಊಹಿಸಿಕೊಳ್ಳೋಣ. ವೈದ್ಯರಿಗೆ ವಾರವಾರವೂ ಎದುರಾಗುವ ಬಗೆಯವರೇ ಇವರು. ಇಬ್ಬರಿಗೂ ಐವತ್ತೈದರ ಆಚೆಯ ವಯಸ್ಸು. ಇಬ್ಬರೂ ಹೇಳುವ ದೂರು ಒಂದೇ: ‘ಕಾಲು ಬಾತದ ನೋಡ್ರಿ ಸಾಹೇಬ್ರ.’ ಸೀರೆಯ ಅಂಚು ಒಂದು ಗೇಣು ಮೇಲೆತ್ತಿದರೆ ಸಾಕು, ಎರಡೂ ಬೇರೆ ಬೇರೆ ಕಾಯಿಲೆ ಎಂದು ತಿಳಿಯುತ್ತದೆ. ಅಷ್ಟು ಮಾಡುವ ವ್ಯವಧಾನವಿಲ್ಲದೆ ಇಬ್ಬರಿಗೂ ಒಂದೇ ಮಾತ್ರೆ ಬರೆದುಕೊಟ್ಟು ಕಳಿಸುವುದೂ ಉಂಟು.

ಮೊದಲನೆಯವಳ ಎರಡೂ ಕಾಲು ಊದಿವೆ, ಹೆಚ್ಚುಕಡಿಮೆ ಸಮನಾಗಿ. ಚರ್ಮ ತೆಳುವಾಗಿ ಬಿಗಿದು ಮಿನುಗುತ್ತಿದೆ. ಪಾದದ ಗಿಣ್ಣಿನ ಮೇಲೆ, ಮೂಳೆಗೆ ತಾಗುವಂತೆ ಹೆಬ್ಬೆರಳು ಊರಿ ಹತ್ತು ಹದಿನೈದು ಸೆಕೆಂಡು ಒತ್ತಿ ತೆಗೆದರೆ ಗುಳಿಯೊಂದು ಉಳಿಯುತ್ತದೆ, ತುಸು ಹೊತ್ತಿನ ಮೇಲೆ ತುಂಬಿಕೊಳ್ಳುತ್ತದೆ. ಬಾವು ಸಂಜೆಗೆ ಏರಿ ಬೆಳಗಿಗೆ ಕೊಂಚ ಇಳಿಯುತ್ತದೆ. ಅವಳನ್ನು ಕೇಳಿದರೆ ಕಾಲಿಗೆ ಸಂಬಂಧವೇ ಇಲ್ಲದಂತೆ ತೋರುವ ಸಂಗತಿಗಳು ಹೊರಬರುತ್ತವೆ. ಮಲಗಿದರೆ ಉಸಿರು ಕಟ್ಟುತ್ತದೆ, ಎರಡು ದಿಂಬು ಬೇಕು. ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಕತ್ತಿನ ರಕ್ತನಾಳ ಎದ್ದು ಕಾಣುತ್ತದೆ. ಇದು ಸೋತ ಹೃದಯದ ಬಾವು. ಮೂತ್ರಪಿಂಡದ ತೊಂದರೆಯಾಗಿದ್ದರೆ ಉಸಿರಿಗಿಂತ ಮೊದಲು ಮುಖವೇ ಸುಳಿವು ಕೊಡುತ್ತಿತ್ತು. ಬೆಳಗ್ಗೆ ಏಳುವಾಗ ಕಣ್ಣರೆಪ್ಪೆ ಉಬ್ಬಿರುತ್ತದೆ, ಮೂತ್ರದಲ್ಲಿ ನೊರೆ ನಿಲ್ಲುತ್ತದೆ. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಮಾತ್ರೆಯಿಂದಲೂ ಹಲವರಿಗೆ ಹೀಗೆ ಎರಡೂ ಪಾದ ಊದುತ್ತವೆ. ಆದ್ದರಿಂದ ಮಾತ್ರೆಯ ಚೀಟಿ ನೋಡದೆ ತೀರ್ಮಾನಕ್ಕೆ ಬರುವಂತಿಲ್ಲ.

ಎರಡನೆಯವಳದು ಎಡಗಾಲು ಮಾತ್ರ. ಬಲಗಾಲಿಗೆ ಏನೂ ಆಗಿಲ್ಲ, ಅಥವಾ ಆಗಿದ್ದರೂ ಇಷ್ಟಿಲ್ಲ. ಹೆಬ್ಬೆರಳು ಊರಿದರೆ ಗುಳಿ ಬೀಳುವುದಿಲ್ಲ, ಚರ್ಮ ಎದುರೊತ್ತುತ್ತದೆ. ಮುಟ್ಟಿದರೆ ಒರಟು, ಹಿಡಿದರೆ ದಪ್ಪ. ಪಾದದ ಮೇಲ್ಭಾಗ ದಿಂಡಿನಂತೆ ಉಬ್ಬಿದೆ, ಗಿಣ್ಣಿನ ಸುತ್ತ ಅಡ್ಡಗೆರೆಯಂತೆ ಒಂದು ಮಡಿಕೆ, ಬೆರಳುಗಳ ಬುಡದಲ್ಲಿ ಸಣ್ಣ ಗಂಟುಗಳು. ಉಸಿರಾಟ ಸರಿಯಾಗಿದೆ, ಮುಖ ಊದಿಲ್ಲ, ಮೂತ್ರದಲ್ಲಿ ದೋಷವಿಲ್ಲ. ಹದಿನೈದು ಇಪ್ಪತ್ತು ವರ್ಷಗಳಿಂದ ಹೀಗೇ ಇದೆ ಎನ್ನುತ್ತಾಳೆ. ಇದು ಊರಿನವರು ಆನೆಕಾಲು ಎನ್ನುವ ಫೈಲೇರಿಯಾದ ಕಾಲು.

ಇಂಥ ಕಾಲನ್ನು ಯಾವ ಯಂತ್ರವೂ ಇಲ್ಲದೆ ಗುರುತಿಸುವ ಒಂದು ಪರೀಕ್ಷೆಯಿದೆ. ಸ್ಟೆಮ್ಮರ್ ಎಂಬ ವೈದ್ಯ 1976ರಲ್ಲಿ ವಿವರಿಸಿದ್ದು. ಪಾದದ ಎರಡನೇ ಬೆರಳಿನ ಬುಡದಲ್ಲಿ, ಮೇಲ್ಬದಿಯ ಚರ್ಮವನ್ನು ಎರಡು ಬೆರಳಿನಿಂದ ಚಿವುಟಿ ಮೇಲೆತ್ತಲು ನೋಡಬೇಕು. ಆರೋಗ್ಯವಂತ ಪಾದದಲ್ಲಿ ಚರ್ಮ ತೆಳುವಾಗಿ ಎದ್ದು ಬರುತ್ತದೆ. ಹೃದಯದ ಬಾವಿನಲ್ಲೂ ಸಾಮಾನ್ಯವಾಗಿ ಎತ್ತಲು ಬರುತ್ತದೆ. ಎತ್ತಲು ಬಾರದಷ್ಟು ದಪ್ಪಗಾಗಿದ್ದರೆ ಅದು ದುಗ್ಧರಸದ ಬಾವು ಎನ್ನಲು ಬಲವಾದ ಆಧಾರ. ಎತ್ತಲು ಬಂದಿತು ಎಂದಮಾತ್ರಕ್ಕೆ ಅದಲ್ಲ ಎನ್ನುವಂತಿಲ್ಲ, ಏಕೆಂದರೆ ಆರಂಭದಲ್ಲಿ ಅಲ್ಲಿನ ಚರ್ಮ ಇನ್ನೂ ದಪ್ಪಗಾಗಿರುವುದಿಲ್ಲ.

ಎರಡು ಕಾಲುಗಳಿಗೆ ಇಷ್ಟು ವ್ಯತ್ಯಾಸ ಯಾಕೆ? ಒಳಗೆ ನಿಂತಿರುವ ದ್ರವವೇ ಬೇರೆ. ಹೃದಯ ಸೋತಾಗ ಅಥವಾ ಮೂತ್ರಪಿಂಡ ಕೆಟ್ಟಾಗ ರಕ್ತನಾಳಗಳಿಂದ ಊತಕಗಳಿಗೆ ಜಿನುಗುವುದು ಬಹುಪಾಲು ಉಪ್ಪುನೀರು. ಅದು ತೆಳು, ಒತ್ತಿದರೆ ಅತ್ತಿತ್ತ ಸರಿಯುತ್ತದೆ, ಅದಕ್ಕೇ ಗುಳಿ ಬೀಳುತ್ತದೆ. ಆದರೆ ಊತಕಗಳಿಗೆ ಸೋರಿದ ಪ್ರೋಟೀನನ್ನು ರಕ್ತಕ್ಕೆ ಮರಳಿಸುವ ಕೆಲಸ ದುಗ್ಧರಸ ನಾಳಗಳದು. ಹೊಲದಲ್ಲಿ ಹೆಚ್ಚಾದ ನೀರನ್ನು ಒಯ್ಯುವ ಬಸಿಗಾಲುವೆ ಇದ್ದ ಹಾಗೆ. ಫೈಲೇರಿಯಾದ ಹುಳು, ಅಂದರೆ ವುಚೆರೇರಿಯಾ ಬ್ಯಾಂಕ್ರಾಫ್ಟಿ, ಬೀಡುಬಿಡುವುದು ಈ ನಾಳಗಳ ಒಳಗೇ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ತಂದು ಬಿಡುತ್ತದೆ. ಹುಳು ವರ್ಷಗಟ್ಟಲೆ ಅಲ್ಲಿ ಬದುಕಿ ನಾಳವನ್ನು ಹಿಗ್ಗಿಸುತ್ತದೆ, ಕವಾಟಗಳನ್ನು ಕೆಡಿಸುತ್ತದೆ. ಪ್ರೋಟೀನ್ ತುಂಬಿದ ದ್ರವ ಕಾಲಿನಲ್ಲೇ ನಿಂತು ಉರಿಯೂತ ಎಬ್ಬಿಸುತ್ತದೆ, ಅದರ ಸುತ್ತ ನಾರು ಮತ್ತು ಕೊಬ್ಬು ಬೆಳೆಯುತ್ತವೆ. ವರ್ಷ ಕಳೆದಂತೆ ಕಾಲಿನಲ್ಲಿ ನೀರಿಗಿಂತ ನಾರೇ ಹೆಚ್ಚು.

ನೀರಿಳಿಸುವ ಮಾತ್ರೆಯಿಂದ ಇಂಥ ಕಾಲಿಗೆ ಪ್ರಯೋಜನವಿಲ್ಲದಿರುವುದು ಇದೇ ಕಾರಣಕ್ಕೆ. ಫ್ಯುರೋಸೆಮೈಡ್ ಹೃದಯದ ರೋಗಿಯ ಕಾಲನ್ನು ಕೆಲವೇ ದಿನಗಳಲ್ಲಿ ಇಳಿಸುತ್ತದೆ, ಅವಳ ಉಸಿರನ್ನೂ ಸರಾಗ ಮಾಡುತ್ತದೆ. ಎರಡನೆಯವಳಿಗೆ ಅದನ್ನೇ ಕೊಟ್ಟರೆ ಮೂತ್ರ ಹೆಚ್ಚುತ್ತದೆ, ತಲೆ ಸುತ್ತುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಕಾಲು ಮಾತ್ರ ಇದ್ದಂತೇ ಇರುತ್ತದೆ. ವರ್ಷಗಟ್ಟಲೆ ಹೀಗೆ ಮಾತ್ರೆ ನುಂಗಿದವರು ಕಡಿಮೆಯಿಲ್ಲ. ಅವರ ತಪ್ಪೇನೂ ಇಲ್ಲ, ಕಾಲು ಮುಟ್ಟಿ ನೋಡದ ವೈದ್ಯರದು ಎನ್ನಬೇಕಾಗುತ್ತದೆ.

ಹಾಗಂತ ಗುಳಿಯೊಂದನ್ನೇ ನಂಬುವುದೂ ಅಪಾಯ. ಫೈಲೇರಿಯಾದ ಮೊದಲ ಹಂತದಲ್ಲಿ ಕಾಲು ಮೆತ್ತಗೇ ಇರುತ್ತದೆ, ಒತ್ತಿದರೆ ಗುಳಿ ಬೀಳುತ್ತದೆ, ರಾತ್ರಿ ಮಲಗಿ ಎದ್ದರೆ ಇಳಿದಿರುತ್ತದೆ. ಬ್ರೆಜಿಲಿನ ರೆಸಿಫೆಯಲ್ಲಿ ಇಂಥ ರೋಗಿಗಳನ್ನು ನೋಡುತ್ತಿದ್ದ ಗೆರುಸಾ ಡ್ರೇಯರ್ ಮತ್ತು ಸಂಗಡಿಗರು ಕಾಲಿನ ಬಾವನ್ನು ಏಳು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದ ಬಾವು ರಾತ್ರಿ ಕಳೆದರೆ ಇಳಿಯುತ್ತದೆ, ಎರಡನೆಯದು ಇಳಿಯುವುದಿಲ್ಲ. ಆಮೇಲಿನ ಹಂತಗಳನ್ನು ಹೇಳುವುದು ಕಾಲಿನ ಗಾತ್ರವಲ್ಲ, ಚರ್ಮ. ಮೂರನೆಯದರಲ್ಲಿ ಆಳವಿಲ್ಲದ ಮಡಿಕೆ, ನಾಲ್ಕರಲ್ಲಿ ಗಂಟು, ಐದರಲ್ಲಿ ಆಳವಾದ ಮಡಿಕೆ, ಆರರಲ್ಲಿ ಹಾವಸೆಯಂಥ ಸಣ್ಣ ಮೊಳಕೆಗಳು. ಏಳನೆಯದಕ್ಕೆ ಬಂದವರಿಗೆ ಮನೆಗೆಲಸವನ್ನೂ ತಾವೇ ಮಾಡಿಕೊಳ್ಳಲಾಗದು.

ಮೂರಕ್ಕೂ ಐದಕ್ಕೂ ಇರುವ ಭೇದವನ್ನು ಮನೆಯವರೇ ಕಂಡುಕೊಳ್ಳಬಹುದು. ಕಾಲನ್ನು ಆಡಿಸಿದಾಗ ಮಡಿಕೆ ತೆರೆದುಕೊಂಡು ತಳ ಕಂಡರೆ ಅದು ಆಳವಿಲ್ಲದ್ದು. ಕೈಯಿಂದ ಅಂಚು ಬಿಡಿಸಿದರೆ ಮಾತ್ರ ತಳ ಕಾಣುವುದಾದರೆ ಆಳವಾದದ್ದು. ಅದರೊಳಗೆ ಗಾಳಿಯಾಡುವುದಿಲ್ಲ, ಬೆವರು ಆರುವುದಿಲ್ಲ, ಸ್ನಾನದ ನೀರು ನಿಂತರೆ ನಿಂತೇ ಇರುತ್ತದೆ. ಚರ್ಮ ಬೆಳ್ಳಗೆ ನೆನೆದು ಬಿರಿಯುತ್ತದೆ, ಶಿಲೀಂಧ್ರ ಬೆಳೆಯುತ್ತದೆ, ಕೆಟ್ಟ ವಾಸನೆ ಬರುತ್ತದೆ. ವಾಸನೆಯ ನಾಚಿಕೆಗೆ ಮದುವೆ ಮುಂಜಿ ಬಿಟ್ಟು ಮನೆಯಲ್ಲೇ ಉಳಿದವರಿದ್ದಾರೆ.

ಆ ಬಿರುಕೇ ಬ್ಯಾಕ್ಟೀರಿಯಾಗಳಿಗೆ ಬಾಗಿಲು. ಒಂದು ದಿನ ಇದ್ದಕ್ಕಿದ್ದಂತೆ ಚಳಿ ನಡುಕದ ಜ್ವರ ಏರುತ್ತದೆ, ತೊಡೆಸಂದಿಯಲ್ಲಿ ಗಡ್ಡೆ ನೋಯುತ್ತದೆ, ಕಾಲು ಕೆಂಪಾಗಿ ಕಾಯುತ್ತದೆ. ನಾಲ್ಕೈದು ದಿನ ಕೂಲಿ ಹೋಗುತ್ತದೆ. ಇದು ಸೊಳ್ಳೆಯ ಹೊಸ ಕಡಿತದಿಂದಲೋ ಅಮಾವಾಸ್ಯೆ ಹುಣ್ಣಿಮೆಯಿಂದಲೋ ಬಂದದ್ದೆಂದು ಹಲವರು ನಂಬುತ್ತಾರೆ. ಬೆರಳಸಂದಿ ಅಥವಾ ಮಡಿಕೆ ಬಿಡಿಸಿ ನೋಡಿದರೆ ಕಾರಣ ಬಹಳ ಸಲ ಅಲ್ಲೇ ಇರುತ್ತದೆ. ಇಂಥ ಪ್ರತಿ ಜ್ವರವೂ ಉಳಿದ ದುಗ್ಧರಸ ನಾಳಗಳಲ್ಲಿ ಒಂದಷ್ಟನ್ನು ಕೆಡಿಸಿ ಹೋಗುತ್ತದೆ. ಕಾಲನ್ನು ಮೂರನೇ ಹಂತದಿಂದ ಐದಕ್ಕೆ ತಳ್ಳುವುದರಲ್ಲಿ ಹುಳುವಿನಷ್ಟೇ ಪಾಲು ಈ ಸೋಂಕಿಗೂ ಇದೆ.

ಆದ್ದರಿಂದ ಚಿಕಿತ್ಸೆಯ ಮೊದಲ ಪಾಠ ತೊಳೆಯುವುದು. ಕೇಳುವವರಿಗೆ ಇದೂ ಒಂದು ಚಿಕಿತ್ಸೆಯೇ ಎನ್ನಿಸಬಹುದು. ತಣ್ಣನೆ ನೀರು, ಸಾಮಾನ್ಯ ಸೋಪು. ಬಾವಿನ ಮೇಲ್ತುದಿಯಿಂದ ಕೆಳಕ್ಕೆ ಮೃದುವಾಗಿ ತೊಳೆಯುತ್ತ ಬಂದು, ಪ್ರತಿ ಮಡಿಕೆಯನ್ನು ಬಿಡಿಸಿ, ಸಣ್ಣ ಬಟ್ಟೆಯಿಂದ ತಳ ಮುಟ್ಟುವಂತೆ ಒರೆಸಿ, ನೀರು ತಿಳಿಯಾಗುವವರೆಗೂ ಹೊಯ್ಯಬೇಕು. ಬ್ರಷ್ಷು, ಕಲ್ಲು ತಾಕಿಸಬಾರದು. ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ: ಉಜ್ಜದೆ, ಬಟ್ಟೆ ಒತ್ತಿ ಒತ್ತಿ ಬೆರಳಸಂದಿ ಮತ್ತು ಮಡಿಕೆಗಳ ತೇವವನ್ನೆಲ್ಲ ಹೀರಿಸಬೇಕು. ಬಿರುಕಿದ್ದಲ್ಲಿ ವೈದ್ಯರು ಹೇಳಿದ ಶಿಲೀಂಧ್ರನಾಶಕ ಮುಲಾಮು. ಕೂತಾಗ ಕಾಲು ಮೇಲಿಡುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಹೊರಗೆ ಹೋದರೆ ಚಪ್ಪಲಿ. ಜ್ವರ ಬಂದಿರುವಾಗ ಮಾತ್ರ ವ್ಯಾಯಾಮ, ಬ್ಯಾಂಡೇಜು, ಬಿಸಿನೀರಿನ ಶಾಖ ಯಾವುದೂ ಬೇಡ. ವಿಶ್ರಾಂತಿ ಮತ್ತು ವೈದ್ಯರು ಕೊಡುವ ಆಂಟಿಬಯಾಟಿಕ್ ಬೇಕು.

ಎರಡನೆಯವಳು ಕೇಳಬಹುದಾದ ಪ್ರಶ್ನೆಯೊಂದಿದೆ: ‘ರಾತ್ರಿ ಬಂದು ರಕ್ತ ತಗೊಂಡ್ರಲ್ರಿ, ಏನೂ ಇಲ್ಲ ಅಂದ್ರು. ಮತ್ತ ಇದು ಯಾತರ ಬಾವು?’ ಫೈಲೇರಿಯಾದ ಮರಿಹುಳುಗಳು ರಕ್ತದಲ್ಲಿ ಕಾಣಿಸಿಕೊಳ್ಳುವುದು ರಾತ್ರಿ ಹತ್ತರಿಂದ ಎರಡರವರೆಗೆ ಹೆಚ್ಚು, ಹಾಗಾಗಿಯೇ ಆ ಹೊತ್ತಿನ ತಪಾಸಣೆ. ಆದರೆ ಕಾಲು ಊದಿ ದಪ್ಪಗಾಗುವ ಹೊತ್ತಿಗೆ ಅನೇಕರ ರಕ್ತದಲ್ಲಿ ಮರಿಹುಳು ಇರುವುದೇ ಇಲ್ಲ. ಹುಳು ಹೋದರೂ ನಾಳದ ಗಾಯ ಉಳಿದಿರುತ್ತದೆ. ವರ್ಷಕ್ಕೊಮ್ಮೆ ಮನೆಮನೆಗೆ ಕೊಡುವ ಡಿಇಸಿ, ಆಲ್ಬೆಂಡಜೋಲ್ ಮಾತ್ರೆಗಳೂ, ಯಾದಗಿರಿಯಂಥ ಜಿಲ್ಲೆಗಳಲ್ಲಿ ಅವಕ್ಕೆ ಸೇರಿಸಿದ ಐವರ್ಮೆಕ್ಟಿನ್ನೂ ರೋಗ ಹರಡುವುದನ್ನು ತಡೆಯಲು. ಊದಿದ ಕಾಲನ್ನು ಮೊದಲಿನಂತೆ ಮಾಡಲು ಅಲ್ಲ.

ನಾರುಗಟ್ಟಿದ ಕಾಲನ್ನೂ ಸಾಕಷ್ಟು ಇಳಿಸಬಹುದು ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿಯಿದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಡಾ. ಎಸ್.ಆರ್. ನರಹರಿ ಮತ್ತು ಸಂಗಡಿಗರು ತೊಳೆಯುವಿಕೆ, ಆಯುರ್ವೇದದ ಕಷಾಯದಲ್ಲಿ ನೆನೆಸುವುದು, ಯೋಗದ ಉಸಿರಾಟ, ಒತ್ತುಪಟ್ಟಿ ಇವನ್ನೆಲ್ಲ ಜೋಡಿಸಿದ ಒಂದು ಕ್ರಮವನ್ನು ರೂಪಿಸಿದರು. ಅದನ್ನು ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಹಳ್ಳಿಗರ ನಡುವೆ ಪ್ರಯೋಗಿಸಿ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಬಾವೂ ಇಳಿಯಿತು, ಜ್ವರದ ಸರದಿಯೂ ಕಡಿಮೆಯಾಯಿತು. ಒತ್ತುಪಟ್ಟಿಯನ್ನು ಮಾತ್ರ ಯಾರೂ ತಾವಾಗಿ ಬಿಗಿದುಕೊಳ್ಳಬಾರದು. ಹೃದಯ ಸೋತವರಲ್ಲಿ ಕಾಲಿನ ದ್ರವ ಒಮ್ಮೆಲೇ ಮೇಲೇರಿದರೆ ಉಸಿರಿಗೇ ಸಂಚಕಾರ, ಕಾಲಿನ ರಕ್ತಸಂಚಾರ ಕುಂದಿದವರಲ್ಲಿ ಚರ್ಮವೇ ಸಾಯಬಹುದು. ಬೆಂಚಿನ ಮೇಲಿದ್ದ ಆ ಇಬ್ಬರನ್ನು ಮೊದಲೇ ಬೇರ್ಪಡಿಸಬೇಕೆನ್ನಲು ಇದೂ ಒಂದು ಕಾರಣ.

ಒಂದೇ ಕಾಲು ಒಂದೆರಡು ದಿನಗಳಲ್ಲಿ ದಿಢೀರನೆ ಊದಿ ಮೀನಖಂಡ ನೋಯುತ್ತಿದ್ದರೆ ಅದು ಆನೆಕಾಲೂ ಅಲ್ಲದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಾಗಿರಬಹುದು. ಅಂಥವರು ಅಂದೇ ಆಸ್ಪತ್ರೆಗೆ ಹೋಗಬೇಕು. ವರ್ಷಗಳಿಂದ ದಪ್ಪ ಚರ್ಮ, ಮಡಿಕೆ ಇರುವವರು ಊರಿನ ಆಶಾ ಕಾರ್ಯಕರ್ತೆಯ ಬಳಿ ಆನೆಕಾಲು ರೋಗಿಗಳ ಪಟ್ಟಿಯಲ್ಲಿ ಹೆಸರು ಬರೆಸಲಿ. ಟಬ್ಬು, ಮಗ್ಗು, ಸೋಪು, ಟವೆಲ್ಲು, ಮುಲಾಮು ಇರುವ ಆರೈಕೆಯ ಕಿಟ್ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತದೆ.